ಸಂಪ್ರಬಂಧ ಸಲ್ಲಿಕೆಯನ್ನು ಹಿಂಪಡೆದು ಮುಂದಿನ ವರ್ಷ ಮರುನೋಂದಣಿ ಮಾಡಿಕೊಳ್ಳಲು ಅನುಮತಿ ಕೋರಿ ಅರ್ಜಿ

ದಿನಾಂಕ: 4 ಆಗಸ್ಟ್ 2025
ಸ್ಥಳ: ಶಂಕರಘಟ್ಟ

ಇವರಿಂದ,
ಚೈತ್ರಾ ಬಿ.
ನಾಲ್ಕನೆಯ ಸೆಮಿಸ್ಟರ್, ಎಂ.ಎ. (ಇತಿಹಾಸ ಮತ್ತು ಪುರಾತತ್ತ್ವ)
ಹಾಜರಿ ಕ್ರಮಸಂಖ್ಯೆ: 17

ಇವರಿಗೆ,
ವಿಭಾಗದ ಅಧ್ಯಕ್ಷರು
ಇತಿಹಾಸ ಮತ್ತು ಪುರಾತತ್ತ್ವ ಸ್ನಾತಕೋತ್ತರ ಅಧ್ಯಯನ ವಿಭಾಗ
ಕುವೆಂಪು ವಿಶ್ವವಿದ್ಯಾಲಯ, ಜ್ಞಾನಸಹ್ಯಾದ್ರಿ
ಶಂಕರಘಟ್ಟ – 577451

(ಮಾರ್ಗದರ್ಶಕರ ಮೂಲಕ)

ವಿಷಯ: ಎಂ.ಎ. ಸಂಪ್ರಬಂಧವನ್ನು ಈ ಸಾಲಿನ ಮೌಲ್ಯಮಾಪನದಿಂದ ಹಿಂಪಡೆಯಲು ಹಾಗೂ 2026ರ ನಾಲ್ಕನೆಯ ಸೆಮಿಸ್ಟರ್‌ನೊಂದಿಗೆ ಮರುನೋಂದಣಿ ಮಾಡಿಕೊಳ್ಳಲು ಅನುಮತಿ ಕೋರಿ.

ಮಾನ್ಯರೇ,

“ಸೊರಬ ತಾಲ್ಲೂಕಿನ ವೀರಗಲ್ಲುಗಳು: ಶಿಲ್ಪ, ಶಾಸನ ಮತ್ತು ಸಮಾಜ” ಎಂಬ ನನ್ನ ಸಂಪ್ರಬಂಧದ ಪರಿಶೀಲನಾ ಪ್ರತಿಗಳನ್ನು ಜುಲೈ 28ರಂದು ವಿಭಾಗದ ಕಚೇರಿಗೆ ಒಪ್ಪಿಸಿದ್ದೇನೆ. ಅಂತಿಮ ಪ್ರತಿ ಸಲ್ಲಿಸಲು ಆಗಸ್ಟ್ 25 ಕಡೆಯ ದಿನ. ಪರಿಶೀಲನಾ ಪ್ರತಿಗಳನ್ನು ಪರೀಕ್ಷಕರಿಗೆ ಕಳುಹಿಸದೆ ನನಗೆ ಹಿಂದಿರುಗಿಸಬೇಕೆಂದೂ, ಈ ಸಾಲಿನ ಸಲ್ಲಿಕೆ ಮತ್ತು ಮೌಖಿಕ ಪರೀಕ್ಷೆಯಿಂದ ನನ್ನನ್ನು ಕೈಬಿಟ್ಟು, 2026ರಲ್ಲಿ ನಾಲ್ಕನೆಯ ಸೆಮಿಸ್ಟರ್‌ಗೆ ಬರುವ ವಿದ್ಯಾರ್ಥಿಗಳ ಜೊತೆಯಲ್ಲಿ ಮತ್ತೆ ನೋಂದಾಯಿಸಿಕೊಳ್ಳಲು ಅವಕಾಶ ಕೊಡಬೇಕೆಂದೂ ತಮ್ಮಲ್ಲಿ ಕೋರುತ್ತೇನೆ.

ಕೋರಿಕೆಗೆ ಕಾರಣ ಮನೆಯ ಪರಿಸ್ಥಿತಿ. ನಮ್ಮದು ಸೊರಬ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ. ಅದರ ಹೊರತು ಬೇರೆ ಆದಾಯವಿಲ್ಲ. ಜೂನ್ ಕೊನೆಯ ವಾರದಲ್ಲಿ ಮಳೆ ತುಸು ಬಿಡುವು ಕೊಟ್ಟಾಗ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕೆಲಸ ನಡೆದಿತ್ತು. ದ್ರಾವಣದ ಡ್ರಮ್ ಸಾಗಿಸುವಾಗ ನಮ್ಮ ತಂದೆ ತೋಟದ ಕಾಲುಸಂಕದಿಂದ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದು ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಾನು ಪರಿಶೀಲನಾ ಪ್ರತಿ ಒಪ್ಪಿಸುವ ಹೊತ್ತಿಗೆ, ಇನ್ನೊಂದು ತಿಂಗಳಲ್ಲಿ ಅವರು ಎದ್ದು ಓಡಾಡುತ್ತಾರೆ ಎಂಬ ಭರವಸೆ ಮನೆಯಲ್ಲಿತ್ತು. ಆಗಸ್ಟ್ 1ರ ತಪಾಸಣೆಯಲ್ಲಿ ವೈದ್ಯರು ಹೇಳಿದ್ದೇ ಬೇರೆ: ಕನಿಷ್ಠ ಆರು ತಿಂಗಳು ಊರುಗೋಲಿಲ್ಲದೆ ನಡೆಯುವಂತಿಲ್ಲ, ಆಮೇಲೂ ಕೆಲಕಾಲ ತೋಟಕ್ಕೆ ಇಳಿಯುವಂತಿಲ್ಲ.

ಮಲೆನಾಡಿನವರಾದ ತಮಗೆ ಈ ಆರು ತಿಂಗಳೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಎರಡನೆಯ ಸುತ್ತಿನ ಔಷಧಿ ಈಗಲೇ ಬೀಳಬೇಕು, ತಪ್ಪಿದರೆ ಎಳೆಗಾಯಿ ಉದುರಿ ವರ್ಷದ ಫಸಲೇ ಹೋಗುತ್ತದೆ. ಅಕ್ಟೋಬರ್‌ನಿಂದ ಕೊನೆ ಕೊಯ್ಲು. ಕೊನೆಗಾರರನ್ನು ಹೊಂದಿಸುವುದು, ಸುಲಿಸುವುದು, ಬೇಯಿಸುವುದು, ಅಟ್ಟದ ಮೇಲೆ ಹರಡಿ ಒಣಗಿಸುವುದು, ಕೂಲಿ ಲೆಕ್ಕ ಬರೆಯುವುದು, ಸಹಕಾರ ಸಂಘದ ಸಾಲದ ಕಂತು ಕಟ್ಟುವುದು, ಎಲ್ಲವನ್ನೂ ಇಷ್ಟು ವರ್ಷ ತಂದೆಯವರೊಬ್ಬರೇ ನೋಡಿಕೊಳ್ಳುತ್ತಿದ್ದರು. ತಮ್ಮ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಅವನನ್ನು ಕಾಲೇಜು ಬಿಡಿಸುವ ಮಾತೂ ಮನೆಯಲ್ಲಿ ಬಂದಿತ್ತು. ಅದು ಬೇಡವೆಂದು ಹಟ ಹಿಡಿದವಳು ನಾನೇ. ಆದ್ದರಿಂದ ಆ ಜವಾಬ್ದಾರಿಯೂ ನನ್ನದೇ. ತಾಯಿಯವರು ತಂದೆಯ ಆರೈಕೆಯಲ್ಲಿದ್ದಾರೆ, ಹೊರಗಿನ ಕೆಲಸಕ್ಕೆ ಅವರಿಂದ ಆಗದು.

ಇದಿಷ್ಟೇ ಆಗಿದ್ದರೆ, “ಹೇಗೂ ಪ್ರತಿ ಸಿದ್ಧವಿದೆ, ಅಂತಿಮ ಪ್ರತಿ ಕೊಟ್ಟು ಮೌಖಿಕ ಪರೀಕ್ಷೆಗೆ ಒಂದು ದಿನ ಬಂದು ಹೋಗು” ಎಂದು ತಾವು ಹೇಳಬಹುದು. ಮಾರ್ಗದರ್ಶಕರೂ ಮೊದಲು ಹಾಗೆಯೇ ಹೇಳಿದರು. ನನ್ನ ಹಿಂಜರಿಕೆ ಇರುವುದು ಮೂರನೆಯ ಅಧ್ಯಾಯದ ಬಗ್ಗೆ. ಅದನ್ನು ತಮ್ಮ ಗಮನಕ್ಕೆ ಸ್ವಲ್ಪ ವಿವರವಾಗಿಯೇ ತರಬೇಕಾಗಿದೆ.

ಸೊರಬದ ಶಾಸನಗಳಿಗೆ ನಮಗೆಲ್ಲ ಮೊದಲ ಆಧಾರ ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ. ಅಲ್ಲಿ ವೀರಗಲ್ಲುಗಳ ಶಾಸನಪಾಠವಿದೆ, ಅನುವಾದವಿದೆ. ಕಲ್ಲಿನ ಮೇಲಿನ ಶಿಲ್ಪದ ವಿವರ ಮಾತ್ರ ಬಹುಪಾಲು ಇಲ್ಲ. ತುರುಗೋಳಿನಲ್ಲಿ ಸತ್ತವನು, ಊರಳಿವಿನಲ್ಲಿ ಸತ್ತವನು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನ ಕಾಯಲು ಹೋರಾಡಿ ಸತ್ತವನು ಎಂದು ಶಾಸನ ಹೇಳುವುದಕ್ಕೂ ಕೆಳಗಿನ ಪಟ್ಟಿಕೆಯಲ್ಲಿ ಶಿಲ್ಪಿ ಕಡೆದಿರುವುದಕ್ಕೂ ಎಷ್ಟು ಹೊಂದಾಣಿಕೆ ಇದೆ ಎಂಬುದೇ ನನ್ನ ಸಂಪ್ರಬಂಧದ ಪ್ರಶ್ನೆ. ಹೀಗಾಗಿ ಕಲ್ಲಿನ ಮುಂದೆ ಹೋಗಿ ನಿಲ್ಲದೆ ಈ ಕೆಲಸ ನಡೆಯುವುದಿಲ್ಲ. ನಮ್ಮ ಕಡೆಯ ಕಲ್ಲುಗಳಲ್ಲಿ ಅಕ್ಷರ ಸವೆದಿರುವುದು ಸಾಮಾನ್ಯ; ನಡುಮಧ್ಯಾಹ್ನ ಬರಿಯ ಕಲ್ಲಿನಂತೆ ಕಾಣುವ ಪಟ್ಟಿಯಲ್ಲಿ ಸಂಜೆಯ ಓರೆಬಿಸಿಲು ಬಿದ್ದಾಗ ಒಂದೊಂದೇ ಸಾಲು ಮೇಲೇಳುತ್ತದೆ. ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದ ಮೇಲೆಯೇ ಓದು ಖಚಿತವಾಗುವುದು.

ಕಳೆದ ಮೇ ತಿಂಗಳಲ್ಲಿ ನಮ್ಮ ಪಕ್ಕದ ಊರಿನ ಕೆರೆಯ ಹೂಳೆತ್ತುವಾಗ ಎರಡು ವೀರಗಲ್ಲುಗಳು ಕಾಣಿಸಿಕೊಂಡವು. ನನಗೆ ತಿಳಿದ ಮಟ್ಟಿಗೆ ಇವು ಪ್ರಕಟಿತ ಪಟ್ಟಿಗಳಲ್ಲಿ ಇಲ್ಲ; ಗ್ರಾಮ ಪಂಚಾಯಿತಿಯ ಮೂಲಕ ಪುರಾತತ್ತ್ವ ಇಲಾಖೆಗೆ ಪತ್ರ ಹೋಗಿದೆ. ಒಂದರಲ್ಲಿ ಶಾಸನವಿಲ್ಲ. ಇನ್ನೊಂದು ಮೂರು ಹಂತದ ಕಲ್ಲು: ಮೇಲೆ ಲಿಂಗ, ಪೂಜಾರಿ, ಕೈಮುಗಿದು ಕುಳಿತ ವೀರ, ನಡುವೆ ಅವನನ್ನು ಎರಡೂ ಕಡೆಯಿಂದ ತೋಳು ಹಿಡಿದು ಒಯ್ಯುತ್ತಿರುವ ಅಪ್ಸರೆಯರು, ಕೆಳಗಿನ ಹಂತದ ಅರ್ಧಕ್ಕಿಂತ ಹೆಚ್ಚು ಭಾಗ ಕೆಸರಿನೊಳಗೇ ಉಳಿದಿತ್ತು. ಮೇಲಿನ ಪಟ್ಟಿಯಲ್ಲಿ “ಪೆಣ್ಬುಯ್ಯಲ್” ಎಂದು ಓದಬಹುದಾದ ಅಕ್ಷರಗಳಿವೆ. ಕೆಳಗಿನ ಹಂತದಲ್ಲಿ ಕಾಣುವುದು ಒಂದು ಕತ್ತಿಯ ತುದಿ, ಅದರ ಪಕ್ಕದಲ್ಲಿ ಹಸುವಿನದೋ ಕುದುರೆಯದೋ ತಿಳಿಯದ ಒಂದು ಬೆನ್ನು. ಅದು ಹಸುವಾಗಿದ್ದರೆ ಶಾಸನ ಒಂದು ಹೇಳುತ್ತಿದೆ, ಶಿಲ್ಪ ಇನ್ನೊಂದನ್ನು ತೋರಿಸುತ್ತಿದೆ ಎಂದಾಗುತ್ತದೆ. ನನ್ನ ವಿಂಗಡಣೆಯನ್ನೇ ಅಲುಗಿಸುವ ಸಾಕ್ಷ್ಯ ಅದು. ಪಡಿಯಚ್ಚಿಗೆ ದಿನ ಗೊತ್ತು ಮಾಡುವಷ್ಟರಲ್ಲಿ ಮಳೆ ಹಿಡಿದು ಕೆರೆ ತುಂಬಿತು. ಇನ್ನು ಆ ಕಲ್ಲು ಮತ್ತೆ ಕಾಣುವುದು 2026ರ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ನೀರು ತಳ ಕಂಡಾಗ.

ಈಗಿನ ಪ್ರತಿಯಲ್ಲಿ ಈ ಕಲ್ಲಿನ ಬಗ್ಗೆ ಒಂದು ಅಡಿಟಿಪ್ಪಣಿ ಮಾತ್ರ ಇದೆ. ಅಷ್ಟರಿಂದಲೇ ಸಂಪ್ರಬಂಧ ತೇರ್ಗಡೆಯಾಗಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಿನ ಪಕ್ಕದಲ್ಲೇ ಇರುವ ಸಾಕ್ಷ್ಯವನ್ನು ಅಡಿಟಿಪ್ಪಣಿಯಲ್ಲಿ ಮುಗಿಸಿ, ಅದಕ್ಕೆ ವಿರುದ್ಧವಾಗಬಹುದಾದ ತೀರ್ಮಾನವನ್ನು ಅಧ್ಯಾಯದ ಕೊನೆಯಲ್ಲಿ ಗಟ್ಟಿಯಾಗಿ ಬರೆಯುವುದು ನನಗೆ ಒಪ್ಪಿಗೆಯಾಗುತ್ತಿಲ್ಲ. ಒಂದು ಮಾತನ್ನು ಮಾತ್ರ ಸ್ಪಷ್ಟಪಡಿಸುತ್ತೇನೆ: ತಂದೆಯವರು ಆರೋಗ್ಯವಾಗಿದ್ದಿದ್ದರೆ ಬರಿಯ ಈ ಕಲ್ಲಿಗಾಗಿ ಒಂದು ವರ್ಷ ಬಿಡುವ ಅರ್ಜಿಯನ್ನು ನಾನು ಬರೆಯುತ್ತಿರಲಿಲ್ಲ. ಹೇಗೂ ಬಿಡಲೇಬೇಕಾಗಿರುವ ವರ್ಷದಿಂದ ಸಂಪ್ರಬಂಧಕ್ಕೆ ಪ್ರಯೋಜನವಾಗಲಿ ಎಂಬುದಷ್ಟೇ ನನ್ನ ಲೆಕ್ಕ. ಇದೆಲ್ಲವನ್ನೂ ಮಾರ್ಗದರ್ಶಕರ ಮುಂದಿಟ್ಟ ಮೇಲೆ ಅವರು ಈ ಅರ್ಜಿಗೆ ಒಪ್ಪಿ ಶಿಫಾರಸು ಬರೆದುಕೊಟ್ಟಿದ್ದಾರೆ.

ಇನ್ನು ಆಡಳಿತದ ವಿಷಯ. ಮೊದಲ ಮೂರು ಸೆಮಿಸ್ಟರ್‌ಗಳ ಎಲ್ಲ ಪತ್ರಿಕೆಗಳಲ್ಲಿ ನಾನು ತೇರ್ಗಡೆಯಾಗಿದ್ದೇನೆ. ನಾಲ್ಕನೆಯ ಸೆಮಿಸ್ಟರ್‌ನ ಲಿಖಿತ ಪರೀಕ್ಷೆಗಳನ್ನು ಜುಲೈನಲ್ಲಿ ಬರೆದಿದ್ದೇನೆ. ಈ ಅಂಕಗಳು ಮತ್ತು ಕ್ರೆಡಿಟ್‌ಗಳು ಹಾಗೆಯೇ ಉಳಿದು, ಸಂಪ್ರಬಂಧ ಮತ್ತು ಮೌಖಿಕ ಪರೀಕ್ಷೆಯನ್ನು ಮಾತ್ರ ಮುಂದಿನ ವರ್ಷಕ್ಕೆ ಒಯ್ಯಲು ಸಾಧ್ಯವಾದರೆ ಅದೇ ನನಗೆ ಅನುಕೂಲ. ನಿಯಮ ಅದಕ್ಕೆ ಒಪ್ಪದಿದ್ದರೆ ನಾಲ್ಕನೆಯ ಸೆಮಿಸ್ಟರನ್ನು ಪೂರ್ತಿಯಾಗಿ ಮತ್ತೊಮ್ಮೆ ಓದಲೂ ಸಿದ್ಧಳಿದ್ದೇನೆ. ಯಾವ ದಾರಿಯಾದರೂ ಪದವಿ ಮುಗಿಸಲು ನಿಯಮದಲ್ಲಿರುವ ಗರಿಷ್ಠ ಅವಧಿಯೊಳಗೇ ಮುಗಿಸುತ್ತೇನೆ.

ಯುಯುಸಿಎಂಎಸ್‌ನಲ್ಲಿ ನಾನು ತುಂಬಿದ ಪರೀಕ್ಷಾ ಅರ್ಜಿಯಲ್ಲಿ ಸಂಪ್ರಬಂಧವೂ ಸೇರಿದೆ. ಆಗಸ್ಟ್ 25ರೊಳಗೆ ವಿಭಾಗದಿಂದ ಪರೀಕ್ಷಾಂಗ ಕುಲಸಚಿವರಿಗೆ ಪತ್ರ ಹೋಗದಿದ್ದರೆ ನನ್ನ ಹೆಸರಿನ ಮುಂದೆ ‘ಗೈರುಹಾಜರು’ ಎಂದು ದಾಖಲಾಗಿ, ಅಂಕಪಟ್ಟಿಯಲ್ಲಿ ಅನುತ್ತೀರ್ಣ ಎಂದೇ ಬರಬಹುದು ಎಂಬ ಆತಂಕವಿದೆ. ಅನುಮತಿ ಪಡೆದು ಹಿಂಪಡೆಯಲಾಗಿದೆ ಎಂಬುದು ಕಡತದಲ್ಲಿ ಉಳಿಯಬೇಕು ಎಂಬುದು ನನ್ನ ಮುಖ್ಯ ಬೇಡಿಕೆ. ಮುಂದೆ ಸಂಶೋಧನೆಗೆ ಅರ್ಜಿ ಹಾಕುವಾಗ ಈ ವ್ಯತ್ಯಾಸ ಸಣ್ಣದಾಗಿರುವುದಿಲ್ಲ. ಆದ್ದರಿಂದ ತಮ್ಮ ತೀರ್ಮಾನ ಏನೇ ಇದ್ದರೂ ಅದನ್ನು ಆಗಸ್ಟ್ 20ರೊಳಗೆ ಲಿಖಿತವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಅನುಮತಿ ಸಿಗದಿದ್ದಲ್ಲಿ ಅಂತಿಮ ಪ್ರತಿಯನ್ನು ಸಲ್ಲಿಸಲು ಉಳಿದ ಐದು ದಿನ ನನಗೆ ಬೇಕಾಗುತ್ತದೆ.

ಮರುನೋಂದಣಿಯಲ್ಲಿ ಅದೇ ವಿಷಯ, ಅದೇ ಮಾರ್ಗದರ್ಶಕರು ಮುಂದುವರಿಯಲಿ ಎಂದು ವಿನಂತಿ. ನಮ್ಮ ಗುರುಗಳ ಬಳಿ ಮುಂದಿನ ವರ್ಷ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಾಗಿ ಸ್ಥಾನ ಉಳಿಯದಿದ್ದರೆ, ಅವರನ್ನು ಸಹಮಾರ್ಗದರ್ಶಕರಾಗಿ ಉಳಿಸಿಕೊಂಡು ಬೇರೆ ಅಧ್ಯಾಪಕರನ್ನು ತಾವೇ ಸೂಚಿಸಬಹುದು.

ಈ ವರ್ಷ ಕಟ್ಟಿದ ಪರೀಕ್ಷಾ ಶುಲ್ಕವನ್ನು ಮರಳಿ ಕೇಳುತ್ತಿಲ್ಲ. ಮುಂದಿನ ವರ್ಷದ ಮರುನೋಂದಣಿ ಶುಲ್ಕವನ್ನು ನಿಯಮದಂತೆ ಕಟ್ಟುತ್ತೇನೆ. ಅದನ್ನು ಎರಡು ಕಂತುಗಳಲ್ಲಿ ಕಟ್ಟಲು ಅವಕಾಶವಿದ್ದರೆ ತಿಳಿಸಬೇಕು, ಏಕೆಂದರೆ ಅಡಿಕೆ ಮಾರಿದ ಹಣ ಕೈಗೆ ಬರುವುದು ಫೆಬ್ರವರಿಯ ನಂತರವೇ. ವಿರಾಮದ ಅವಧಿಗೆ ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದಿಲ್ಲ. ವಿದ್ಯಾರ್ಥಿನಿಲಯದ ಕೊಠಡಿಯನ್ನು ಈ ತಿಂಗಳ ಕೊನೆಗೆ ತೆರವು ಮಾಡುತ್ತೇನೆ. ಗ್ರಂಥಾಲಯದ ಪುಸ್ತಕಗಳನ್ನೂ ವಿಭಾಗದಿಂದ ಪಡೆದಿದ್ದ ಪಡಿಯಚ್ಚಿನ ಕುಂಚ, ಮಸಿಯ ಗುಬುಟು ಮತ್ತು ಉಳಿದ ಕಾಗದದ ಸುರುಳಿಯನ್ನೂ ಹಿಂದಿರುಗಿಸಿ ರಸೀದಿ ಪಡೆದಿದ್ದೇನೆ. ವಿರಾಮದ ವರ್ಷದಲ್ಲಿ ಗ್ರಂಥಾಲಯದಲ್ಲಿ ಕುಳಿತು ಓದಲಷ್ಟೇ ಅನುಮತಿ ಸಿಕ್ಕರೂ ಸಾಕು. ಪುಸ್ತಕ ಮನೆಗೆ ಒಯ್ಯುವ ಸೌಲಭ್ಯ ಬೇಡ.

ನಾನು ಊರಿನಲ್ಲೇ ಇರುವುದರಿಂದ ಇನ್ನೊಂದು ಮಾತು. ಕೆರೆಯ ನೀರು ಇಳಿಯುವ ಸುದ್ದಿ ನನಗೆ ಮೊದಲು ತಿಳಿಯುತ್ತದೆ. ಆಗ ಕಲ್ಲನ್ನು ಸುರಕ್ಷಿತವಾಗಿ ಮೇಲೆತ್ತುವ ಬಗ್ಗೆ ಪಂಚಾಯಿತಿಯವರೊಂದಿಗೆ ಮಾತನಾಡಲು ವಿಭಾಗದ ಹೆಸರಿನಲ್ಲಿ ಒಂದು ಪತ್ರ ಇದ್ದರೆ ಬಹಳ ಸಹಾಯವಾಗುತ್ತದೆ. ಹಿಂದಿನ ಸಲ ಹೂಳೆತ್ತುವ ಯಂತ್ರದ ಹಲ್ಲು ತಾಗಿ ಶಾಸನವಿಲ್ಲದ ಕಲ್ಲಿನ ಒಂದು ಮೂಲೆ ಮುಕ್ಕಾಗಿದೆ.

ತಾವು ಸೂಚಿಸಿದ ದಿನ ವಿಭಾಗೀಯ ಸಮಿತಿಯ ಮುಂದೆ ಹಾಜರಾಗಿ ವಿವರಣೆ ನೀಡಲು ಸಿದ್ಧಳಿದ್ದೇನೆ. ಸೋಮವಾರ ಮತ್ತು ಗುರುವಾರ ತಂದೆಯವರನ್ನು ಶಿವಮೊಗ್ಗಕ್ಕೆ ಫಿಸಿಯೋಥೆರಪಿಗೆ ಕರೆತರುತ್ತೇನೆ. ಆ ದಿನಗಳ ಮಧ್ಯಾಹ್ನ ಶಂಕರಘಟ್ಟಕ್ಕೆ ಬರುವುದು ಸುಲಭ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ)
ಚೈತ್ರಾ ಬಿ.

ಲಗತ್ತುಗಳು: ತಂದೆಯವರ ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ ಮತ್ತು ಆಗಸ್ಟ್ 1ರ ವೈದ್ಯಕೀಯ ಪ್ರಮಾಣಪತ್ರದ ಪ್ರತಿ, ಮಾರ್ಗದರ್ಶಕರ ಶಿಫಾರಸು ಪತ್ರ, ಮೂರು ಸೆಮಿಸ್ಟರ್‌ಗಳ ಅಂಕಪಟ್ಟಿಗಳ ಪ್ರತಿ, ಗ್ರಂಥಾಲಯದ ಮತ್ತು ವಿಭಾಗದ ರಸೀದಿಗಳು, ಕೆರೆಯಲ್ಲಿ ದೊರೆತ ಕಲ್ಲುಗಳ ಛಾಯಾಚಿತ್ರಗಳು.

ಪ್ರತಿ: ಮಾರ್ಗದರ್ಶಕರಿಗೆ, ಮಾಹಿತಿಗಾಗಿ.