ಖಡಕ್ ರೊಟ್ಟಿ ವಿಡಿಯೋ: ಒಂದು ನಿಮಿಷದ ಶಾಟ್ ಲಿಸ್ಟ್ ಮತ್ತು ಸ್ಟೋರಿಬೋರ್ಡ್

ಎಲ್ಲಿ: ನಮ್ಮ ರೊಟ್ಟಿ ಅಂಗಡಿ, ಸಪ್ತಾಪುರ, ಧಾರವಾಡ. ಹಿಂದಿನ ಅಡುಗೆಮನೆ ಮತ್ತು ಮುಂದಿನ ಕೌಂಟರ್.
ಯಾವಾಗ: ಬರುವ ಮಂಗಳವಾರ, ಬೆಳಿಗ್ಗೆ 7ರಿಂದ 10.
ಯಾರು: ರೊಟ್ಟಿ ಬಡಿಯೋದು ಕಾಕು. ಕ್ಯಾಮೆರಾ ನಮ್ಮ ಅಳಿಯ. ದನಿ ರೆಕಾರ್ಡ್ ಮಾಡೋದು ನಾನು. ಊಟ ಮಾಡೋದು ಮೇಲಿನ ರೂಮಿನಲ್ಲಿರುವ ಕೋಚಿಂಗ್ ಹುಡುಗ, ಅವನು ಒಪ್ಪಿದ್ದಾನೆ.
ಅಳತೆ: ಉದ್ದ ಫ್ರೇಮ್, 9:16, 1080 x 1920. ಸೆಕೆಂಡಿಗೆ 25 ಫ್ರೇಮ್.

ಅಳಿಯಾ, ಮೊದಲು ಇದನ್ನು ಪೂರ್ತಿ ಓದು. ಈ ವಿಡಿಯೋದಲ್ಲಿ ಹಾಡು ಇಲ್ಲ. ಕಾಕು ರೊಟ್ಟಿ ಬಡಿಯುವ ಸದ್ದೇ ತಾಳ. ಅದು 4ನೇ ಸೆಕೆಂಡಿಗೆ ಶುರುವಾಗಿ 46ನೇ ಸೆಕೆಂಡಿನವರೆಗೆ ನಿಲ್ಲದೆ ಓಡಬೇಕು, ಚಿತ್ರ ಬದಲಾದರೂ ಸದ್ದು ಬದಲಾಗಬಾರದು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತ ನಮ್ಮ ಕಡೆಯವರಿಗೆ ಈ ಸದ್ದು ಕೇಳಿದರೆ ಸಾಕು, ಮುಂದಿನದನ್ನು ನಾವು ಹೇಳುವುದೇ ಬೇಡ. ಸಿನಿಮಾ ಹಾಡು ಹಾಕಿದರೆ ಹಕ್ಕಿನ ತಕರಾರು ಬರುತ್ತೆ, ಅದು ಬೇರೆ ಮಾತು. ಹಾಡು ಹಾಕಿದರೆ ರೊಟ್ಟಿ ಕೇಳಿಸಲ್ಲ, ನನಗೆ ಅದೇ ದೊಡ್ಡದು.

ಅದಕ್ಕೇ ಶೂಟಿಂಗ್‌ಗೂ ಮೊದಲು ಒಂದು ಕೆಲಸ. ಫ್ಯಾನ್ ಬಂದ್, ಫ್ರಿಡ್ಜ್ ಬಂದ್, ಎರಡೂ ಫೋನು ಫ್ಲೈಟ್ ಮೋಡ್. ಶಾಟ್ 1 ಆದ ಮೇಲೆ ನನ್ನ ಫೋನನ್ನು ಬಡಿಯುವ ಕಲ್ಲಿನ ಪಕ್ಕ ಗೇಣುದ್ದ ದೂರದಲ್ಲಿ, ಮಡಚಿದ ಟವೆಲ್ ಮೇಲೆ ಇಟ್ಟು ಎರಡು ನಿಮಿಷ ಸುಮ್ನೆ ರೆಕಾರ್ಡ್ ಮಾಡುತ್ತೇನೆ. ಕಟ್ಟೆ ಮೇಲೆ ನೇರವಾಗಿ ಇಟ್ಟರೆ ಪ್ರತಿ ಏಟಿಗೂ ಫೋನೇ ಅದುರಿ ದನಿ ಒಡೆಯುತ್ತೆ. ಆಗ ಯಾರೂ ಮಾತಾಡಬಾರದು. ಪ್ರತಿ ಶಾಟ್ ಶುರುವಿನಲ್ಲಿ ಕ್ಯಾಮೆರಾಗೆ ಕಾಣುವಂತೆ ಒಂದು ಚಪ್ಪಾಳೆ ಹೊಡಿ, ಎಡಿಟ್ ಮಾಡುವಾಗ ಚಿತ್ರ, ದನಿ ಕೂಡಿಸೋಕೆ ಅದೇ ಗುರುತು.

ಶಾಟ್ 1. 0ರಿಂದ 4 ಸೆಕೆಂಡ್. ಮುರಿಯುವುದು

ಚೌಕಟ್ಟು: ಫ್ರೇಮಿನ ತುಂಬ ಒಂದೇ ರೊಟ್ಟಿ, ಎರಡು ಕೈ. ಮುಖ ಬೇಡ. ಹಿಂದೆ ಕರಿ ಕಂಬಳಿ. ಎಡಗಡೆ ಕಿಟಕಿಯ ಬೆಳಕು ಓರೆಯಾಗಿ ಬೀಳಬೇಕು, ಆಗ ರೊಟ್ಟಿ ಮೇಲಿನ ಗುಳ್ಳೆ, ಕಂದು ಚುಕ್ಕೆ, ಅಂಚಿನ ಸಣ್ಣ ಬಿರುಕು ಎಲ್ಲಾ ಎದ್ದು ಕಾಣುತ್ತೆ. ಎದುರಿನಿಂದ ಬೆಳಕು ಬಿಟ್ಟರೆ ಹಪ್ಪಳದ ಥರ ಚಪ್ಪಟೆ ಕಾಣುತ್ತೆ.
ಆಗುವುದು: ಒಂದು ಸೆಕೆಂಡ್ ಏನೂ ಇಲ್ಲ. ಆಮೇಲೆ ಮಧ್ಯಕ್ಕೆ ಸರಿಯಾಗಿ ಮುರಿ. ಪುಡಿ ಉದುರುವುದು ಕಾಣಲಿ.
ದನಿ: ಮುರಿಯುವ ಸದ್ದು ಒಂದೇ.
ಅಕ್ಷರ: ಮುರಿದ ಮೇಲೆ "ಕೇಳಿಸ್ತೇನ್ರಿ?"

ಇದನ್ನು ಮೊಟ್ಟಮೊದಲು ತೆಗೆಯೋಣ, ಒಲೆ ಹಚ್ಚುವ ಮೊದಲು. ಸೋಮವಾರದ ರೊಟ್ಟಿ ಸಾಕು, ಒಂದು ರಾತ್ರಿ ಡಬ್ಬಿಯಲ್ಲಿ ಕೂತದ್ದೇ ಚೆನ್ನಾಗಿ ಮುರಿಯುತ್ತೆ. ಒಂದು ಹತ್ತು ರೊಟ್ಟಿ ಹೋದರೂ ಪರವಾಗಿಲ್ಲ, ಚೂರೆಲ್ಲಾ ಮೊಸರಿಗೆ ಹಾಕಿ ನಾವೇ ತಿನ್ನೋಣ. ಈ ನಾಲ್ಕು ಸೆಕೆಂಡ್ ಸರಿ ಬರಲಿಲ್ಲ ಅಂದರೆ ಮುಂದಿನದನ್ನು ಯಾರೂ ನೋಡಲ್ಲ.

ಶಾಟ್ 2. 4ರಿಂದ 9. ಎಸರು

ಚೌಕಟ್ಟು: ಪರಾತದಲ್ಲಿ ಜೋಳದ ಹಿಟ್ಟು, ಮಧ್ಯೆ ಗುಂಡಿ. ಕ್ಯಾಮೆರಾ ಹಿಟ್ಟಿನ ಮಟ್ಟದಲ್ಲಿ. ಕುದಿಯುವ ಎಸರು ಸುರಿದಾಗ ಏಳುವ ಹಬೆ ಮುಖ್ಯ. ಹಬೆ ಕಾಣಬೇಕು ಅಂದರೆ ಹಿಂದೆ ಕತ್ತಲು, ಬೆಳಕು ಆ ಕಡೆಯಿಂದ. ಅದಕ್ಕೆ ಹಿತ್ತಲ ಬಾಗಿಲು ಅರ್ಧ ತೆರೆ, ಕಂಬಳಿ ಇಲ್ಲೂ ಬೇಕು.
ಕಾಕು ಮಾತು: "ಬಿಳಿಜೋಳ, ಮಾಲದಂಡಿ. ಕುದಿಯೋ ಎಸರು ಹಾಕಿದ್ರನ ಹಿಟ್ಟು ಕೂಡ್ತೈತಿ."
ದನಿ: ಬಡಿಯುವ ಸದ್ದು ಇಲ್ಲಿಂದ ಸಣ್ಣಗೆ ಶುರು. ಬಡಿಯುವ ಚಿತ್ರ ಇನ್ನೂ ಬಂದಿಲ್ಲ, ಬರಲಿ ಎಂದು ಕಾಯಬೇಕು ನೋಡುವವರು.

ಕಾಕು ಹೇಳೋದು ನಿಜ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ, ಬಿಸಿನೀರಿಗೆ ಹಿಟ್ಟು ಅಂಟಾಗಿ ಕೂಡದಿದ್ದರೆ ರೊಟ್ಟಿ ಕಲ್ಲಿನ ಮೇಲೇ ಒಡೆಯುತ್ತೆ. ಹಾಗಂತ ಸಕ್ಕರೆ ಕಾಯಿಲೆ, ತೂಕ ಇಳಿಯೋದು ಅಂತ ಯಾವ ಅಕ್ಷರವೂ ನಮ್ಮ ವಿಡಿಯೋದಲ್ಲಿ ಬೇಡ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದ ಮಾತನ್ನು ನಾವು ಆಡೋದಿಲ್ಲ.

ಶಾಟ್ 3. 9ರಿಂದ 13. ನಾದುವುದು

ಮೇಲಿನಿಂದ ನೇರ ಕೆಳಗೆ. ಅಂಗೈ ಹಿಂಭಾಗ, ಬಳೆ, ಹಿಟ್ಟು. ಮಾತಿಲ್ಲ, ಅಕ್ಷರ ಇಲ್ಲ. ಸ್ಟೂಲ್ ಮೇಲೆ ನಿಂತು ಎರಡೂ ಕೈಯಲ್ಲಿ ಫೋನ್ ಹಿಡಿ.

ಶಾಟ್ 4. 13ರಿಂದ 24. ಬಡಿಯುವುದು

ಇದು ವಿಡಿಯೋದ ಜೀವ, ಅದಕ್ಕೇ ಹನ್ನೊಂದು ಸೆಕೆಂಡ್ ಕೊಟ್ಟಿದ್ದೇನೆ. ಮೂರು ತುಂಡು ಮಾಡಿ ತೆಗಿ.

4ಅ, ನಾಲ್ಕು ಸೆಕೆಂಡ್. ಮೇಲಿನಿಂದ. ಮುಷ್ಟಿಯಷ್ಟಿದ್ದ ಉಂಡೆ ಅಗಲ ಆಗುತ್ತಾ ಹೋಗುವುದು. ಕ್ಯಾಮೆರಾ ಅಲ್ಲಾಡಬಾರದು, ರೊಟ್ಟಿ ತಾನೇ ತಿರುಗುತ್ತೆ.

4ಆ, ನಾಲ್ಕು ಸೆಕೆಂಡ್. ಕಲ್ಲಿನ ಮಟ್ಟದಲ್ಲಿ, ಪಕ್ಕದಿಂದ. ಪ್ರತಿ ಏಟಿಗೂ ಒಣಹಿಟ್ಟು ಎದ್ದು ಬೆಳಕಿನಲ್ಲಿ ನಿಲ್ಲುತ್ತದಲ್ಲ, ಅದು ಬೇಕು. ಇದೊಂದನ್ನು ಸ್ಲೋ ಮೋಷನ್‌ನಲ್ಲಿ ತೆಗಿ, ಸೆಕೆಂಡಿಗೆ 100 ಅಥವಾ 120 ಫ್ರೇಮ್, ಬಿಸಿಲಿನಲ್ಲಿ ಮಾತ್ರ. ಇದರ ದನಿ ತೆಗೆದುಹಾಕು, ಮೊದಲೇ ರೆಕಾರ್ಡ್ ಮಾಡಿದ ತಾಳ ಮೇಲೆ ಓಡಲಿ. ಒಂದು ಏಟಾದರೂ ತಾಳಕ್ಕೆ ಸರಿಯಾಗಿ ಕೂಡಬೇಕು. ಈ ತುಂಡು ಮುಗಿದ ಕೂಡಲೇ ಲೆನ್ಸ್ ಒರೆಸು, ಹಿಟ್ಟು ಕೂತಿರುತ್ತೆ. ಅಂಗಿಯಿಂದ ಬೇಡ, ಕನ್ನಡಕದ ಬಟ್ಟೆ ತಂದಿಡುತ್ತೇನೆ.

4ಇ, ಮೂರು ಸೆಕೆಂಡ್. ಕಾಕು ಮುಖ. ಕ್ಯಾಮೆರಾ ನೋಡಬಾರದು, ರೊಟ್ಟಿ ನೋಡಲಿ. ಎರಡು ಪಟ್ಟು ಜೂಮ್ ಲೆನ್ಸ್ ಹಾಕಿ ದೂರ ನಿಲ್ಲು. ಹತ್ತಿರ ಹೋಗಿ ಅಗಲದ ಲೆನ್ಸಿನಲ್ಲಿ ತೆಗೆದರೆ ಮೂಗು ದೊಡ್ಡದಾಗಿ ಬರುತ್ತೆ, ಕಾಕುಗೆ ಬೇಜಾರಾಗುತ್ತೆ.
ಅಕ್ಷರ: "ಲಟ್ಟಣಿಗೆ ಇಲ್ಲ. ಮಶೀನ್ ಇಲ್ಲ."

ಕೆಲಸದ ಉಳಿದ ಇಬ್ಬರು ಅಕ್ಕಂದಿರು ಮುಖ ಬೇಡ ಅಂದಿದ್ದಾರೆ. ಅವರ ಕೈ ಮಾತ್ರ ಬರಲಿ. ಹಿಂದೆ ಅವರು ಅಡ್ಡಾಡಿದ್ದು ಸಿಕ್ಕಿಬಿದ್ದರೆ ಆ ಟೇಕ್ ಇಟ್ಟುಕೊಳ್ಳಬೇಡ, ಅಲ್ಲೇ ಅಳಿಸು. ಅವತ್ತು ರೊಟ್ಟಿ ಕಡಿಮೆ ಆಗುತ್ತೆ, ಆದರೆ ಎಲ್ಲರಿಗೂ ಪೂರ್ತಿ ದಿನದ ಪಗಾರ.

ಶಾಟ್ 5. 24ರಿಂದ 31. ಹಂಚು

ಚೌಕಟ್ಟು: ಕೆಳಗಿನ ಅರ್ಧ ಹಂಚು, ಮೇಲಿನ ಅರ್ಧ ಖಾಲಿ. ಖಾಲಿ ಜಾಗಕ್ಕೆ ರೊಟ್ಟಿ ಮೇಲಿನಿಂದ ಬಂದು ಬೀಳಲಿ.
ಆಗುವುದು: ರೊಟ್ಟಿ ಹಂಚಿಗೆ. ಒದ್ದೆ ಅರಿವೆಯಿಂದ ಮೇಲೆ ನೀರು ಸವರುವುದು. ನೀರು ಆರಿ ಬಿಳಿ ಬಣ್ಣ ಮಂದ ಆಗುವುದು ಹತ್ತಿರದಿಂದ. ತಿರುವಿ ಹಾಕುವುದು.
ದನಿ: ತಾಳದ ಮೇಲೆ ಒದ್ದೆ ಅರಿವೆಯ ಚುಂಯ್ ಸದ್ದು.

ಇಲ್ಲಿ ಟ್ಯೂಬ್‌ಲೈಟ್ ಹಾಕಲೇಬೇಕು, ಆ ಮೂಲೆಗೆ ಬೆಳಕು ಬರಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಶಟರ್ 1/50 ಅಥವಾ 1/100 ಇಡು. ಇಲ್ಲದಿದ್ದರೆ ಚಿತ್ರದಲ್ಲಿ ಪಟ್ಟಿ ಪಟ್ಟಿ ಓಡುತ್ತೆ. ರೊಟ್ಟಿ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸು, ಬೆಳಕು ಎರಡೂ ಲಾಕ್ ಮಾಡು. ಬಣ್ಣವನ್ನೂ ಲಾಕ್ ಮಾಡು. ಒಂದು ಶಾಟ್‌ನಲ್ಲಿ ಹಳದಿ ರೊಟ್ಟಿ, ಇನ್ನೊಂದರಲ್ಲಿ ನೀಲಿ ರೊಟ್ಟಿ ಬಂದರೆ ಬೇರೆ ಬೇರೆ ಅಂಗಡಿಯದು ಅನಿಸುತ್ತೆ.

ಶಾಟ್ 6. 31ರಿಂದ 35. ಉಬ್ಬುವುದು

ಉರಿ ಮೇಲೆ ರೊಟ್ಟಿ ಉಬ್ಬುವುದು, ಒಂದೇ ಟೇಕ್, ಕತ್ತರಿ ಬೇಡ. ಎಲ್ಲಾ ರೊಟ್ಟಿಯೂ ಒಂದೇ ಥರ ಉಬ್ಬಲ್ಲ, ಅದಕ್ಕೆ ಫೋನ್ ಸ್ಟ್ಯಾಂಡಿಗೆ ಹಾಕಿ ಒಂದು ಡಜನ್ ರೊಟ್ಟಿ ಸಾಲಾಗಿ ತೆಗಿ, ಚೆಂದದ್ದು ಆರಿಸೋಣ. ಅಕ್ಷರ ಇಲ್ಲ.

ಶಾಟ್ 7. 35ರಿಂದ 41. ಖಡಕ್ ಆಗುವುದು

ಚೌಕಟ್ಟು: ಸಣ್ಣ ಉರಿ, ಹಂಚಿನ ಮೇಲೆ ರೊಟ್ಟಿ, ಅರಿವೆ ಉಂಡೆಯಿಂದ ಒತ್ತುತ್ತಿರುವ ಕೈ. ಮೂರು ಸೆಕೆಂಡ್ ಆದ ಮೇಲೆ ಅದೇ ಚೌಕಟ್ಟಿನಲ್ಲಿ ಬೆರಳ ಗೆಣ್ಣಿನಿಂದ ರೊಟ್ಟಿ ತಟ್ಟುವುದು, ಟಕ್ ಟಕ್.
ಕಾಕು ಮಾತು: "ಅವಸರ ಮಾಡಿದ್ರ ನಡಕ ಮೆತ್ತಗ ಉಳಿತೈತಿ."
ಈ ಮಾತನ್ನು ಬಾಯಿಪಾಠ ಮಾಡಿಸಬೇಡ. ಕೆಲಸ ಮಾಡುತ್ತಾ ಇರಲಿ, ನಾನು ಪಕ್ಕದಿಂದ ಕೇಳುತ್ತೇನೆ, "ಕಾಕು, ಇಷ್ಟೊತ್ತು ಯಾಕ?" ಅಂತ. ಅವರು ಏನು ಹೇಳುತ್ತಾರೋ ಅದೇ ಇರಲಿ. ಮೇಲೆ ಬರೆದದ್ದಕ್ಕಿಂತ ಚೆಂದ ಹೇಳುತ್ತಾರೆ.

ಶಾಟ್ 8. 41ರಿಂದ 46. ಪ್ಯಾಕ್

ಹತ್ತು ರೊಟ್ಟಿ ಒಂದರ ಮೇಲೊಂದು, ಪ್ಯಾಕೆಟ್, ಆಮೇಲೆ ರಟ್ಟಿನ ಡಬ್ಬಿ. ಡಬ್ಬಿ ತಿರುಗಿಸಿದಾಗ ಹಿಂದಿನ ಲೇಬಲ್ ಒಂದು ಸೆಕೆಂಡಾದರೂ ನಿಲ್ಲಲಿ: ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್. ತಿನ್ನುವ ಪದಾರ್ಥ ಕೊರಿಯರ್‌ನಲ್ಲಿ ತರಿಸುವವರು ಇದನ್ನು ನೋಡುತ್ತಾರೆ.
ಅಕ್ಷರ: "ಡಬ್ಬಿಯಲ್ಲಿ ಕಳಿಸ್ತೇವಿ. ಮುರಿದು ಬಂದ್ರ ಬೇರೆ ಕಳಿಸ್ತೇವಿ."
ಡಬ್ಬಿ ಮುಚ್ಚುವ ಸದ್ದಿಗೆ ಸರಿಯಾಗಿ ತಾಳ ನಿಲ್ಲಬೇಕು. ಮೆಲ್ಲಗೆ ಕರಗುವುದು ಬೇಡ, ಥಟ್ಟನೆ ನಿಲ್ಲಲಿ.

ಶಾಟ್ 9. 46ರಿಂದ 54. ಊಟ

ಚೌಕಟ್ಟು: ರೂಮಿನ ಮೇಜು, ಪುಸ್ತಕ ಸರಿಸಿ ಮಾಡಿದ ಜಾಗ, ಸ್ಟೀಲ್ ತಾಟು. ತಾಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಉಳ್ಳಾಗಡ್ಡಿ, ಹಸಿ ಮೆಂತ್ಯ. ಬಾಳೆ ಎಲೆ, ಹಿತ್ತಾಳೆ ತಟ್ಟೆ ಅಂತ ಅಲಂಕಾರ ಬೇಡ, ನಮ್ಮ ಗಿರಾಕಿ ಹೀಗೇ ಉಣ್ಣೋದು.
ಆಗುವುದು: ಹುಡುಗ ಚಟ್ನಿಗೆ ಮೊಸರು ಕಲಸುತ್ತಾನೆ, ರೊಟ್ಟಿ ಮುರಿಯುತ್ತಾನೆ, ಬಾಯಿಗೆ ಇಡುತ್ತಾನೆ. ಕರುಂ ಅನ್ನೋ ಸದ್ದು. ಫೋನ್ ಎತ್ತಿ ಅವನ ಅವ್ವನಿಗೆ: "ಉಂಡೆ ಬೇ. ಹೂಂ, ರೊಟ್ಟಿನ."
ಅಷ್ಟೇ. "ಸೂಪರ್ ಟೇಸ್ಟ್" ಅಂತ ಕ್ಯಾಮೆರಾ ನೋಡಿ ಹೇಳಿಸಬೇಡ. ಹುಡುಗನಿಗೆ ನಿಜವಾಗಿ ಹಸಿವಾಗಿರಲಿ, ಅದಕ್ಕೇ ಅವನನ್ನು 9 ಗಂಟೆಗೆ ಕರೆದಿದ್ದೇನೆ.

ಶಾಟ್ 10. 54ರಿಂದ 60. ಅಂಗಡಿ

ಬೀದಿಯಿಂದ ಅಂಗಡಿ ಮುಂಭಾಗ, ಕೌಂಟರ್‌ನಲ್ಲಿ ಡಬ್ಬಿಗಳ ಸಾಲು. ನಾನು ಒಬ್ಬ ಗಿರಾಕಿಗೆ ಡಬ್ಬಿ ಕೊಡುತ್ತಿರುತ್ತೇನೆ.
ಅಕ್ಷರ, ನಾಲ್ಕು ಸೆಕೆಂಡ್ ಅಲ್ಲಾಡದೆ: "10 ಖಡಕ್ ರೊಟ್ಟಿ, 100 ರೂಪಾಯಿ. ಕೊರಿಯರ್ ಖರ್ಚು ಬೇರೆ. ಸಪ್ತಾಪುರ, ಧಾರವಾಡ. ಬೇಕಂದ್ರ ವಾಟ್ಸಾಪ್ ಬಟನ್ ಒತ್ತಿ."
ಬೆಲೆ ಮುಚ್ಚಿಡಬಾರದು. "ಬೆಲೆಗೆ ಮೆಸೇಜ್ ಮಾಡಿ" ಅಂದರೆ ನಾನೇ ಮುಂದೆ ಹೋಗುತ್ತೇನೆ, ಬೇರೆಯವರೂ ಹಾಗೇ ಅಲ್ವಾ.

ಅಕ್ಷರದ ಬಗ್ಗೆ ಒಂದೇ ಮಾತು. ಯಾವ ಶಾಟ್‌ನಲ್ಲೂ ಕೆಳಗಿನ ಕಾಲು ಭಾಗದಲ್ಲಿ ಮತ್ತು ಬಲ ಅಂಚಿನಲ್ಲಿ ಅಕ್ಷರ ಹಾಕಬೇಡ, ಅಲ್ಲಿ ಆ್ಯಪಿನ ಬಟನ್ನುಗಳು ಬಂದು ಮುಚ್ಚುತ್ತವೆ. ಕಾಕು ಮಾತುಗಳನ್ನೂ ಅಕ್ಷರದಲ್ಲಿ ಹಾಕು, ಬಸ್ಸಿನಲ್ಲಿ ದನಿ ಬಂದ್ ಮಾಡಿ ನೋಡುವವರು ಜಾಸ್ತಿ. ಅವರು ಆಡಿದ ಹಾಗೇ ಬರಿ, ತಿದ್ದಬೇಡ.

ತೆಗೆಯುವ ಕ್ರಮ: 7 ಗಂಟೆಗೆ ಶಾಟ್ 1, ಆಮೇಲೆ ತಾಳದ ರೆಕಾರ್ಡಿಂಗ್. 7.30ರಿಂದ 2, 3, 4, ಕಿಟಕಿ ಬಿಸಿಲು ಹೋಗುವ ಮೊದಲು ಇಷ್ಟು ಮುಗಿಯಲೇಬೇಕು. 8.30ರಿಂದ 5, 6, 7, ಅಲ್ಲಿ ಬಿಸಿಲಿನ ಹಂಗಿಲ್ಲ. 9ಕ್ಕೆ ಹುಡುಗ ಬಂದ ಕೂಡಲೇ ಒಲೆ ಕಡೆ ಏನೇ ಉಳಿದಿದ್ದರೂ ಬಿಟ್ಟು 9, ಅವನಿಗೆ 9.45ಕ್ಕೆ ಕ್ಲಾಸ್ ಇದೆ. ಕೊನೆಗೆ 8, 10.

ಮುಗಿದ ಕೂಡಲೇ, ಕೈ ತೊಳೆಯುವ ಮೊದಲೇ, ಎರಡೂ ಫೋನಿನದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕು. ವಾಟ್ಸಾಪ್‌ನಲ್ಲಿ ವಿಡಿಯೋ ಥರ ಕಳಿಸಬೇಡ, ಚಿತ್ರ ಕೆಡುತ್ತೆ, ಕೇಬಲ್ ತಾ. ಎಡಿಟ್ ಆದ ಮೇಲೆ ಮೊದಲು ಕಾಕುಗೆ ತೋರಿಸೋಣ. ಅವರು ಬೇಡ ಅಂದ ತುಂಡು ತೆಗೆದು, ಆಮೇಲೆ ಹಾಕೋಣ.