ಗಿರಿಜಾ, ಈ ವಿಷಯ ಇನ್ನು ಮುಂದೆ ನಿನ್ನ ಹತ್ತಿರಾನೇ ಇರಲಿ

ಗಿರಿಜಾ, ಇದನ್ನು ಓದುವಾಗ ಪಕ್ಕದಲ್ಲಿ ಯಾರೂ ಇರದ ಹಾಗೆ ನೋಡ್ಕೋ. ಫೋನ್ ಮಾಡೋಣ ಅಂತ ನಿನ್ನೆಯಿಂದ ಎರಡು ಸಲ ನಿನ್ನ ನಂಬರ್ ಒತ್ತಿದೆ, ರಿಂಗ್ ಆಗೋಕೆ ಮುಂಚೆ ಕಟ್ ಮಾಡಿದೆ. ಮಾತಾಡಿದರೆ ನನಗೆ ಅಳು ಬರುತ್ತೆ, ನೀನು ಅಳ್ತೀಯ, ಆಮೇಲೆ ಹೇಳಬೇಕಾದ್ದು ಹೇಳದೇ ಉಳಿಯುತ್ತೆ. ಅದಕ್ಕೇ ಬರೀತಿದ್ದೇನೆ.

ನನ್ನ ಕಾಯಿಲೆ ವಿಷಯ ಇನ್ನು ಮೇಲೆ ಯಾರಿಗೂ ಹೇಳಬೇಡ. ಯಾರಿಗೂ ಅಂದರೆ ಯಾರಿಗೂ. ನಿಮ್ಮ ಅವ್ವಗೂ ಬೇಡ, ನಿಮ್ಮ ಮನೆಯವರಿಗೂ ಬೇಡ, ಶೋಭಕ್ಕನಿಗಂತೂ ಬೇಡವೇ ಬೇಡ. ಈಗಾಗಲೇ ಹೇಳಿದ್ದು ಹೇಳಿ ಆಯಿತು, ಅದಕ್ಕೆ ಜಗಳ ಆಡೋಕೆ ಬಂದಿಲ್ಲ. ಆದರೆ ಅದು ಇಲ್ಲಿಗೇ ನಿಲ್ಲಬೇಕು.

ನನಗೆ ಹೇಗೆ ಗೊತ್ತಾಯಿತು ಅಂತ ನಿನಗೆ ಅನಿಸುತ್ತೆ, ಅಲ್ವಾ? ಮೊನ್ನೆ ಗುರುವಾರ ನಮ್ಮ ಓಣಿಯಲ್ಲಿ ಕುಬಸ ಇತ್ತು. ನಾನೂ ಹೋಗಿದ್ದೆ, ಆ ಹುಡುಗಿ ಉಟ್ಟ ಹಸಿರು ಸೀರೆಗೆ ಬ್ಲೌಸ್ ಹೊಲಿದವಳೂ ನಾನೇ. ಆರತಿ ಆಯಿತು, ಉಡಿ ತುಂಬಿದರು, ಆಮೇಲೆ ಚಹಾ ಬಂತು. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕೊಟ್ಟುಕೊಂಡು ಬಂದರು, ನನ್ನ ಹತ್ತಿರ ಬಂದಾಗ ಆ ಮನೆಯ ಹಿರಿಯರು ಒಳಗೆ ಹೋಗಿ ಒಂದು ಪೇಪರ್ ಕಪ್ ತಂದರು. ಒಂದೇ ಒಂದು. ಲೋಟ ಸಾಲಲಿಲ್ಲ ಅಂದುಕೊಂಡೆ. ಆದರೆ ತಟ್ಟೆಯಲ್ಲಿ ಇನ್ನೂ ನಾಲ್ಕು ಲೋಟ ಇದ್ದವು, ನನ್ನ ಪಕ್ಕದಲ್ಲಿ ಕೂತವರಿಗೆ ಅವೇ ಹೋದವು. ಸ್ವಲ್ಪ ಹೊತ್ತಿಗೆ ನನ್ನ ತೊಡೆ ಮೇಲೆ ಆಡ್ತಿದ್ದ ಮಗುವನ್ನು ಅದರ ತಾಯಿ ಬಂದು ಎತ್ತಿಕೊಂಡು ಹೋದಳು. ಹಸಿವಾಗಿರಬೇಕು ಅಂದಳು. ಆ ಮಗು ನನ್ನ ಕಡೆ ಕೈ ಚಾಚಿ ಅಳ್ತಿತ್ತು ಗಿರಿಜಾ. ಆ ಚಹಾ ನಾನು ಹೇಗೆ ಕುಡಿದೆನೋ ನನಗೇ ಗೊತ್ತಿಲ್ಲ. ಕಪ್ ಎಲ್ಲಿ ಇಡಬೇಕು ಅಂತ ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ.

ಹೊರಡುವಾಗ ಬಾಗಿಲ ಹತ್ತಿರ ಒಬ್ಬರು ಮೆಲ್ಲಗೆ ಕೇಳಿದರು, "ಪಾಪ, ಗಿರಿಜಾ ಹೇಳಿದಳು ಅಂತ ಶೋಭಾ ಹೇಳಿದಳು, ದಿನಾ ಸೂಜಿ ಮಾಡಿಸ್ಕೋಬೇಕಂತಲ್ಲ, ರಕ್ತ ಏನಾದರೂ ಬೀಳುತ್ತಾ ಕೆಮ್ಮಿದಾಗ?"

ನನಗೆ ಕೆಮ್ಮೇ ಇಲ್ಲ. ನಿನಗೆ ಅದು ಗೊತ್ತು. ಕುತ್ತಿಗೆಯಲ್ಲಿ ಗಂಟು ಆಗಿತ್ತು, ಸೂಜಿ ಹಾಕಿ ಅದರಿಂದ ತೆಗೆದು ಪರೀಕ್ಷೆಗೆ ಕಳಿಸಿದರು, ಗಂಟಿನ ಟಿಬಿ ಅಂತ ಬಂತು. ಎದೆಯ ಎಕ್ಸ್‌ರೇ ತೆಗೆದರು, ಏನೂ ಇಲ್ಲ. ಗಂಟಿನದು ಉಸಿರಿನಿಂದ ಇನ್ನೊಬ್ಬರಿಗೆ ಹರಡಲ್ಲ ಅಂತ ಡಾಕ್ಟರು ನಿನ್ನ ಎದುರಿಗೇ ಹೇಳಿದರು, ನೀನೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ದಿನಾ ಸೂಜಿ ಇಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೂರು ಮಾತ್ರೆ, ಅಷ್ಟೇ. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ ಮಾತ್ರೆ, ಈಗ ಮೂರು ಔಷಧದ್ದು, ಅದು ನಾಲ್ಕು ತಿಂಗಳು. ಸಂಕ್ರಾಂತಿಗೆ ಶುರು ಮಾಡಿದ್ದು, ಕಾರಹುಣ್ಣಿಮೆ ದಾಟಿ ಸ್ವಲ್ಪ ದಿನಕ್ಕೆ ಮುಗಿಯುತ್ತೆ.

ಇಷ್ಟೂ ನಿನಗೆ ಗೊತ್ತಿತ್ತು. ಆದರೆ ನಿನ್ನಿಂದ ಶೋಭಕ್ಕನಿಗೆ, ಶೋಭಕ್ಕನಿಂದ ಇನ್ನೊಬ್ಬರಿಗೆ ಹೋಗುವಾಗ ಗಂಟು ಅನ್ನೋದು ಬಿದ್ದುಹೋಯಿತು, ಹರಡಲ್ಲ ಅನ್ನೋದು ಬಿದ್ದುಹೋಯಿತು, ಆರು ತಿಂಗಳಿಗೆ ಗುಣ ಆಗುತ್ತೆ ಅನ್ನೋದೂ ಬಿದ್ದುಹೋಯಿತು. ನಮ್ಮ ಓಣಿಗೆ ಬಂದು ಮುಟ್ಟಿದ್ದು ಟಿಬಿ ಅನ್ನೋ ಎರಡು ಅಕ್ಷರ ಮಾತ್ರ. (ಎದೆಯ ಟಿಬಿ ಆದವರನ್ನೂ ಹೀಗೆ ದೂರ ಕೂರಿಸಬಾರದು, ಅದು ಬೇರೆ ಮಾತು. ಅವರೂ ಸರಿಯಾಗಿ ಮಾತ್ರೆ ತಗೊಂಡರೆ ಕೆಲವು ವಾರದಲ್ಲೇ ಹರಡೋದು ತುಂಬಾ ಕಡಿಮೆ ಆಗುತ್ತಂತೆ. ಅವರ ಪೇಪರ್ ಕಪ್ ಯಾವತ್ತಿಗೆ ಹೋಗುತ್ತೋ.)

ನೀನು ಕೆಟ್ಟದ್ದು ಬಯಸಿ ಹೇಳಲಿಲ್ಲ. ಶೋಭಕ್ಕನ ತಮ್ಮನಿಗೆ ಮೊದಲು ಇದೇ ಆಗಿತ್ತು, ಏನು ತಿನ್ನಬೇಕು, ಏನು ಬಿಡಬೇಕು ಅಂತ ಕೇಳೋಕೆ ಹೇಳಿರ್ತೀಯ. ಆ ಸೂಜಿ ಹಾಕಿದ ದಿನ ಅರ್ಧ ದಿನ ರಜೆ ಹಾಕಿ ಬಂದವಳು ನೀನು. ಹೊರಗಡೆ ಬೆಂಚಿನ ಮೇಲೆ ನನ್ನ ಚೀಲ ಹಿಡಿದು ಕೂತಿದ್ದೆ, ಆಮೇಲೆ ಸ್ಟೇಷನ್ ರೋಡಿನಲ್ಲಿ ನಿಂಬೆ ಶರಬತ್ತು ಕುಡಿಸಿ ಆಟೋದಲ್ಲಿ ಮನೆ ತನಕ ಬಿಟ್ಟು ಹೋದೆ. ಅದನ್ನು ನಾನು ಮರೆತಿಲ್ಲ. ಮರೆತಿದ್ದರೆ ಈ ಮೆಸೇಜ್ ಬರೀತಿರಲಿಲ್ಲ, ಸುಮ್ನೆ ನಿನ್ನ ಹತ್ತಿರ ಮಾತು ಕಡಿಮೆ ಮಾಡಿಬಿಡ್ತಿದ್ದೆ.

ಆದರೂ ನೀನು ನನ್ನನ್ನು ಕೇಳಬೇಕಿತ್ತು. "ಶೋಭಕ್ಕನಿಗೆ ಹೇಳಲಾ?" ಅಂತ ಒಂದು ಮಾತು. ನಾನು ಬೇಡ ಅಂತಿದ್ದೆ, ಅಲ್ಲಿಗೆ ಮುಗೀತಿತ್ತು.

ನಮ್ಮ ಅತ್ತೆಗೆ ಹೇಳೋಕೆ ನಾನು ಎಷ್ಟು ದಿನ ತಗೊಂಡೆ ಗೊತ್ತಾ? ಹದಿನೈದು ದಿನ. ಅವರ ಕಾಲದಲ್ಲಿ ಕ್ಷಯ ಅಂದರೆ ಮನುಷ್ಯ ಹೋದ ಅಂತಲೇ ಲೆಕ್ಕ. ಎಕ್ಸ್‌ರೇ ಬರಲಿ ಅಂತ ಕಾದೆ. ಎದೆ ಚೆನ್ನಾಗಿದೆ ಅಂತ ಡಾಕ್ಟರು ಹೇಳಿದ ಮೇಲೆ, ಒಂದು ಮಧ್ಯಾಹ್ನ ಅವರು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದೆ. ಮೊದಲು ಗುಣ ಆಗುತ್ತೆ ಅಂದೆ, ಆಮೇಲೆ ಹರಡಲ್ಲ ಅಂದೆ, ಕೊನೆಗೆ ಕಾಯಿಲೆ ಹೆಸರು ಹೇಳಿದೆ. ಅವರ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಆಮೇಲೆ "ಮಾತ್ರೆ ಒಂದಿನಾನೂ ತಪ್ಪಿಸಬೇಡ" ಅಂದವರೇ ಇನ್ನೊಂದು ರೊಟ್ಟಿ ಬಡಿದರು. ಈಗ ಬೆಳಿಗ್ಗೆ ನೀರಿನ ಲೋಟ ತಂದು ಕೈಗೆ ಕೊಡೋದು ಅವರೇ. ಮೂತ್ರ ಕೆಂಪಗೆ ಬರುತ್ತೆ, ಮಾತ್ರೆಯಿಂದ, ಹೆದರಬೇಡಿ ಅಂತ ಅವರಿಗೆ ಮೊದಲೇ ಹೇಳಿಟ್ಟಿದ್ದೆ, ಇಲ್ಲದಿದ್ದರೆ ಬಚ್ಚಲಲ್ಲಿ ನೋಡಿ ಎದೆ ಒಡೆದುಕೊಳ್ತಿದ್ದರು. ಯಾರಿಗೆ, ಯಾವಾಗ, ಯಾವ ಮಾತು ಮೊದಲು, ಯಾವುದು ಆಮೇಲೆ ಅಂತ ನಾನು ಇಷ್ಟು ಯೋಚನೆ ಮಾಡ್ತೀನಿ. ಬೇರೆಯವರ ಬಾಯಿಂದ ಹೋದರೆ ಆ ಯೋಚನೆಗೆ ಜಾಗವೇ ಇರಲ್ಲ.

ನನ್ನ ಕೆಲಸ ನಿನಗೆ ಗೊತ್ತಿದ್ದದ್ದೇ. ಅಳತೆ ತಗೊಳ್ಳೋವಾಗ ಹೆಣ್ಣುಮಕ್ಕಳ ಮೈಗೆ ಮೈ ಹತ್ತಿ ನಿಲ್ಲಬೇಕು, ಟೇಪು ಹೆಗಲ ಮೇಲೆ, ಪಿನ್ನು ಬಾಯಲ್ಲಿ. ಯುಗಾದಿ ಕಳೆದ ಮೇಲೆ ಲಗ್ನದ ಸೀಸನ್, ವರ್ಷದ ದುಡಿಮೆಯಲ್ಲಿ ಅರ್ಧ ಇದೇ ಎರಡು ತಿಂಗಳಲ್ಲಿ ಬರಬೇಕು. ಶುಕ್ರವಾರ ಒಬ್ಬರು ಬಂದು ಹೊಲಿಯೋಕೆ ಕೊಟ್ಟಿದ್ದ ಮೂರು ಬ್ಲೌಸ್ ಬಟ್ಟೆ ವಾಪಸ್ ತಗೊಂಡು ಹೋದರು. ಅರ್ಜೆಂಟ್ ಇತ್ತು, ಬೇರೆ ಕಡೆ ಕೊಡ್ತೀವಿ ಅಂದರು. ಒಂದಕ್ಕೆ ಲೈನಿಂಗ್ ಕತ್ತರಿಸಿ ಆಗಿತ್ತು. ಕಾಯಿಲೆ ವಿಷಯ ಕೇಳಿ ಹೋದರೋ ನಿಜವಾಗಿ ಅರ್ಜೆಂಟೋ ನನಗೆ ತಿಳಿಯಲ್ಲ. ಈಗ ಯಾರು ಏನು ಅಂದರೂ ಅನುಮಾನ ಬರುತ್ತೆ. ಅದು ಇನ್ನೂ ಕಷ್ಟ.

ನಾದಿನಿಗೆ ಮಾನ್ವಿ ಕಡೆಯಿಂದ ಗಂಡು ನೋಡಿಕೊಂಡು ಹೋಗಿದ್ದಾರೆ. ಇದನ್ನು ಮುಚ್ಚಿಟ್ಟು ಲಗ್ನ ಮಾಡೋ ಯೋಚನೆ ನಮಗಿಲ್ಲ. ನಮ್ಮ ಮನೆಯವರು ತಾವೇ ಹೋಗಿ ಅವರ ಹಿರಿಯರ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳ್ತಾರೆ. ಅವರು ಹೇಳೋಕೆ ಮುಂಚೆ ಇನ್ಯಾರೋ ಹೇಳಿದರೆ ನಾವು ಮುಚ್ಚಿಟ್ಟವರು ಆಗ್ತೀವಿ.

ಈಗ ನಿನ್ನಿಂದ ನನಗೆ ಬೇಕಾದ್ದು ಹೇಳ್ತೀನಿ. ನಾನು ಕಳಿಸಿದ್ದ ರಿಪೋರ್ಟ್ ಫೋಟೋ ನಿನ್ನ ಫೋನಿನಲ್ಲಿ ಇದ್ದರೆ ಈಗಲೇ ಡಿಲೀಟ್ ಮಾಡು, ಗ್ಯಾಲರಿಯಿಂದಲೂ ಚಾಟ್‌ನಿಂದಲೂ. ಅದರಲ್ಲಿ ನನ್ನ ಹೆಸರು, ವಯಸ್ಸು ಎಲ್ಲಾ ಇದೆ. ಯಾರಿಗಾದರೂ ಕಳಿಸಿದ್ದರೆ ಯಾರಿಗೆ ಅಂತ ನನಗೆ ನಿಜ ಹೇಳು, ಬೈಯಲ್ಲ, ಅವರ ಹತ್ತಿರವೂ ನೀನೇ ಹೇಳಿ ತೆಗೆಸು. ಇನ್ನು ಯಾರಾದರೂ ನನ್ನ ಬಗ್ಗೆ ಕೇಳಿದರೆ "ಅವಳನ್ನೇ ಕೇಳಿ" ಅನ್ನು ಸಾಕು. ನನಗೋಸ್ಕರ ಸುಳ್ಳು ಹೇಳಬೇಡ, ಏನೂ ಇಲ್ಲ ಅಂತ ಆಣೆ ಪ್ರಮಾಣ ಮಾಡಬೇಡ, ಅದು ಇನ್ನೊಂದು ಕಥೆ ಆಗುತ್ತೆ.

ಮತ್ತೆ ದಯವಿಟ್ಟು ಶೋಭಕ್ಕನ ಮನೆಗೆ ಹೋಗಿ ಜಗಳ ತೆಗೀಬೇಡ. ಒಬ್ಬೊಬ್ಬರ ಹತ್ತಿರ ಹೋಗಿ "ಅವಳ ವಿಷಯ ಯಾರಿಗೂ ಹೇಳಬೇಡಿ" ಅಂತಲೂ ಹೇಳಬೇಡ. ನಿನ್ನ ಸ್ವಭಾವ ನನಗೆ ಗೊತ್ತು, ಸಂಕಟ ಆದರೆ ಸುಮ್ಮನೆ ಕೂರಲ್ಲ, ಏನಾದರೂ ಮಾಡೋಕೆ ಓಡ್ತೀಯ. ಗೊತ್ತಿಲ್ಲದವರಿಗೂ ಆಗ ಗೊತ್ತಾಗುತ್ತೆ. ಶೋಭಕ್ಕನ ಹತ್ತಿರ ನಾನೇ ಮಾತಾಡ್ತೀನಿ, ಅವರ ತಮ್ಮ ಹೇಗೆ ಗುಣ ಆದ ಅಂತಲೂ ಕೇಳ್ತೀನಿ.

ಇನ್ನೊಂದು ಮಾತು ಹೇಳಲೇಬೇಕು. ಮತ್ತೆ ಹೀಗಾದರೆ ನಾನು ನಿನ್ನ ಜೊತೆ ಮಾತು ಬಿಡಲ್ಲ, ಮೂವತ್ತನಾಲ್ಕು ವರ್ಷದ ನನ್ನ ಜೀವನದಲ್ಲಿ ಇಪ್ಪತ್ತೈದು ವರ್ಷ ನೀನಿದ್ದೀಯ. ಆದರೆ ನನ್ನ ಒಳಗಿನ ಮಾತು ನಿನಗೆ ಹೇಳೋದು ನಿಲ್ಲಿಸ್ತೀನಿ. ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ, ಬಿಸಿಲು ಜಾಸ್ತಿ ಅಂತ ಮಾತಾಡ್ಕೊಂಡು ಇರ್ತೀವಿ. ನನಗೆ ಅದು ಬೇಡ. ಗಂಟು ಮುಟ್ಟಿ ನೋಡಿಕೊಂಡ ರಾತ್ರಿ ನಾನು ಮೊದಲು ಎಬ್ಬಿಸಿದ್ದು ನಮ್ಮ ಮನೆಯವರನ್ನಲ್ಲ, ನಿನಗೆ ಫೋನ್ ಮಾಡಿದ್ದೆ. ಇನ್ನೂ ಅಂಥ ರಾತ್ರಿ ಬಂದರೆ ನಿನಗೇ ಮಾಡಬೇಕು ಅಂತ ನನಗೆ ಆಸೆ.

ಇದನ್ನು ಓದಿದ ತಕ್ಷಣ ಕ್ಷಮಿಸು ಅಂತ ಉದ್ದ ಮೆಸೇಜ್ ಹಾಕಬೇಡ. ಬೇಜಾರು ಆಗಿದ್ದರೆ ಇವತ್ತು ಇರಲಿ, ನಾಳೆ ಬರೆ. ಫೋಟೋ ಡಿಲೀಟ್ ಮಾಡಿದ್ದೀನಿ, ಯಾರಿಗೂ ಹೇಳಲ್ಲ ಅಂತ ಎರಡು ಸಾಲು ಸಾಕು.

ಗಂಟು ಕರಗ್ತಾ ಇದೆ. ಮೊದಲು ನಿಂಬೆಹಣ್ಣಿನಷ್ಟು ಇತ್ತಲ್ಲ, ಈಗ ಹುಣಸೆ ಬೀಜದಷ್ಟು, ಬೆರಳಿಟ್ಟು ಹುಡುಕಬೇಕು. ಭಾನುವಾರ ಬಂದರೆ ತೋರಿಸ್ತೀನಿ. ನಿನ್ನ ನೀಲಿ ಬ್ಲೌಸೂ ಆಗಿದೆ, ತೋಳು ಸ್ವಲ್ಪ ಬಿಗಿ ಆಗಿರಬಹುದು, ಒಮ್ಮೆ ಹಾಕಿ ನೋಡು. ಸಂಜೆ ಬಿಸಿಲು ಇಳಿದ ಮೇಲೆ ಬಾ, ಅತ್ತೆ ಒಗ್ಗರಣೆ ಮಂಡಕ್ಕಿ ಮಾಡ್ತಾರಂತೆ.

ರೇಣುಕಾ