ಮನೋವೈದ್ಯಕೀಯ ಕೋಹಾರ್ಟ್ ಅಧ್ಯಯನ: ಮೊದಲೇ ನೋಂದಾಯಿಸುವುದು, ಬದಲಾದದ್ದನ್ನು ಬರೆದಿಡುವುದು

ಕೊಡಗಿನಲ್ಲಿ ಮೊದಲ ಸಲ ಸ್ವಂತ ಅಧ್ಯಯನ ಶುರು ಮಾಡುವ ಎಂ.ಡಿ., ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗೆ ಒಂದು ಕೋಹಾರ್ಟ್ ಅಧ್ಯಯನ, ಅಂದರೆ ಅದೇ ಜನರನ್ನು ಸ್ವಲ್ಪ ಕಾಲದ ನಂತರ ಮತ್ತೆ ಅಳೆಯುವ ಅಧ್ಯಯನ ಇಟ್ಟುಕೊಳ್ಳೋಣ. ಸೋಮವಾರಪೇಟೆ, ವಿರಾಜಪೇಟೆ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಇರುವ 400 ಕಾರ್ಮಿಕರು. ಈಗ ಜಾಸ್ತಿ ಕುಡಿಯುವವರಲ್ಲಿ ಒಂದು ವರ್ಷದ ನಂತರ ಖಿನ್ನತೆಯ ಲಕ್ಷಣ ಹೆಚ್ಚಿರುತ್ತದೆಯೇ ಎಂಬುದು ಪ್ರಶ್ನೆ. ಕುಡಿತಕ್ಕೆ ಆಡಿಟ್ ಪ್ರಶ್ನಾವಳಿ, ಖಿನ್ನತೆಗೆ ಪಿಎಚ್‌ಕ್ಯೂ-9.

ನೋಂದಣಿ ಅಂದರೆ ಏನು ನೋಡುತ್ತೀರಿ, ಹೇಗೆ ಲೆಕ್ಕ ಹಾಕುತ್ತೀರಿ ಅನ್ನುವುದನ್ನು ಫಲಿತಾಂಶ ಕಾಣುವ ಮೊದಲು ಬರೆದು, ತಾರೀಕಿನ ಸಮೇತ ಬೇರೆಯವರ ಕೈಯಲ್ಲಿಡುವುದು. ಮನೋವೈದ್ಯಕೀಯದಲ್ಲಿ ಇದು ಇನ್ನೂ ಹೆಚ್ಚು ಬೇಕು. ಪಿಎಚ್‌ಕ್ಯೂ-9ರ ಅಂಕ 0ಯಿಂದ 27. ಅದನ್ನು ಹಾಗೇ ಬಳಸಬಹುದು, 10ಕ್ಕೆ ಗಡಿ ಹಾಕಿ ಜನರನ್ನು ಎರಡು ಗುಂಪು ಮಾಡಬಹುದು, 15ಕ್ಕೂ ಗಡಿ ಹಾಕಬಹುದು. ಆಡಿಟ್ 0ಯಿಂದ 40. ಅಲ್ಲಿ ಗಡಿ 8 ಅನ್ನಬಹುದು, ಇನ್ನೊಂದು ಅನ್ನಬಹುದು. ಪ್ರತಿಯೊಂದಕ್ಕೂ ಸಮರ್ಥನೆ ಸಿಗುತ್ತದೆ. ಹಾಗಾಗಿಯೇ ಡೇಟಾ ಕೈಗೆ ಬಂದ ಮೇಲೆ ಆರಿಸಬಾರದು.

ಎಲ್ಲಿ ನೋಂದಾಯಿಸಬೇಕು? ಐಸಿಎಂಆರ್ ನಡೆಸುವ ಅಧ್ಯಯನ ನೋಂದಣಿ ತಾಣ ಸಿಟಿಆರ್‌ಐ 2007ರಲ್ಲಿ ಶುರುವಾಯಿತು. ಅದು ವೀಕ್ಷಣಾ ಅಧ್ಯಯನಗಳನ್ನೂ ತೆಗೆದುಕೊಳ್ಳುತ್ತದೆ. ನಿಮ್ಮ ಸಂಸ್ಥೆ ಕೇಳಿದರೆ ಅಲ್ಲಿ ಮಾಡಿ. ಆದರೆ ವಿಶ್ಲೇಷಣೆಯ ವಿವರಕ್ಕೆ ಅಲ್ಲಿ ಜಾಗ ಕಡಿಮೆ, ಅದಕ್ಕೆ ಓಎಸ್‌ಎಫ್‌ನ ತಾಣ osf.io ಒಳ್ಳೆಯದು. ಅದು ಉಚಿತ. ಐಡಿಯಾ ಬೇರೆಯವರ ಪಾಲಾಗುತ್ತದೆ ಎಂಬ ಭಯವಿದ್ದರೆ ನಾಲ್ಕು ವರ್ಷದವರೆಗೆ ಮುಚ್ಚಿಡಬಹುದು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇರೆ ವಿಷಯ, ಒಂದರಿಂದ ಇನ್ನೊಂದರ ಕೆಲಸ ಆಗುವುದಿಲ್ಲ.

ಕೋಹಾರ್ಟಿನಲ್ಲಿ ಎಲ್ಲರೂ ಎಡವುವ ಪ್ರಶ್ನೆ: "ಡೇಟಾ ಈಗಾಗಲೇ ನೋಡಿದ್ದೀರಾ?" ಮೊದಲ ಸುತ್ತು ಮುಗಿದಿದ್ದರೆ ಹಾಗೆಂದೇ ಬರೆಯಿರಿ. ಏನು ನೋಡಿದ್ದೀರಿ, ಯಾರು ನೋಡಿದ್ದಾರೆ ಎಲ್ಲ ಇರಲಿ. ನಮ್ಮ ಉದಾಹರಣೆಯಲ್ಲಿ ಹೀಗೆ:

"ಮೊದಲ ಸುತ್ತು 2025ರ ಜನವರಿ–ಫೆಬ್ರವರಿಯಲ್ಲಿ ಮುಗಿದಿದೆ. ವಯಸ್ಸು, ಲಿಂಗ ಮತ್ತು ಆಡಿಟ್ ಸರಾಸರಿಯನ್ನು ಇಬ್ಬರು ನೋಡಿದ್ದೇವೆ. ಆಡಿಟ್ ಮತ್ತು ಪಿಎಚ್‌ಕ್ಯೂ-9ರ ಸಂಬಂಧವನ್ನು ಯಾರೂ ಲೆಕ್ಕ ಹಾಕಿಲ್ಲ. 12ನೇ ತಿಂಗಳ ಸಂದರ್ಶನ ಶುರುವಾಗಿಲ್ಲ."

ಎರಡನೇ ಸುತ್ತಿನ ಹೊತ್ತನ್ನು ಇಲ್ಲಿನ ಕ್ಯಾಲೆಂಡರ್ ನೋಡಿ ನಿಗದಿ ಮಾಡಿ. ಜನವರಿಯಲ್ಲಿ ರೊಬಸ್ಟಾ ಕೊಯ್ಲು, ಕೈಯಲ್ಲಿ ಕೂಲಿ ಇರುತ್ತದೆ. ಜುಲೈ ಅಂದರೆ ಮಳೆ, ಕೆಲಸ ಕಡಿಮೆ, ಸಾಲ ಜಾಸ್ತಿ. ಜನವರಿಯಲ್ಲಿ ಒಂದು ಸಲ, ಜುಲೈನಲ್ಲಿ ಒಂದು ಸಲ ಅಳೆದರೆ ಕುಡಿತದ ಪರಿಣಾಮ ಯಾವುದು, ಮಳೆಗಾಲದ್ದು ಯಾವುದು ಅಂತ ಬಿಡಿಸಲಾಗುವುದಿಲ್ಲ. ಅದಕ್ಕೇ 12 ತಿಂಗಳು, ಅದೇ ಕೊಯ್ಲಿನ ಕಾಲ. ಕೊಯ್ಲು ಮುಗಿದ ಕೂಡಲೇ ಎಷ್ಟೋ ಜನ ಬೇರೆ ತೋಟಕ್ಕೋ ತಮ್ಮೂರಿಗೋ ಹೊರಡುತ್ತಾರೆ. ಆದ್ದರಿಂದ ಎಷ್ಟು ದಿನದ ಒಳಗೆ ಸಿಕ್ಕರೆ ಲೆಕ್ಕಕ್ಕೆ, ಯಾವಾಗ "ಸಿಗಲಿಲ್ಲ" ಅಂತ ಬರೆಯುವುದು, ಇದೂ ಮೊದಲೇ ತೀರ್ಮಾನವಾಗಿರಲಿ.

ಗಾತ್ರದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಮಾಡಿ. 400ರಲ್ಲಿ ಕಾಲುಭಾಗ ಕೈತಪ್ಪಿದರೆ ಉಳಿದವರು 300. ಅದರಲ್ಲಿ 12% ಜನ 10ರ ಗಡಿ ದಾಟಿದರೆ ಬರೀ 36 ಜನ. ಅಷ್ಟರಲ್ಲಿ ಹತ್ತು ಹನ್ನೆರಡು ಅಂಶಗಳನ್ನು ಸರಿದೂಗಿಸಲು ಹೊರಟರೆ ಲೆಕ್ಕದ ಮಾದರಿ ನಿಲ್ಲುವುದಿಲ್ಲ. ಹಾಗಾಗಿ ನಾನಾದರೆ ಪೂರ್ತಿ ಅಂಕವನ್ನೇ ಮುಖ್ಯ ಫಲಿತಾಂಶ ಮಾಡುತ್ತೇನೆ, 10ರ ಗಡಿಯನ್ನು ಎರಡನೆಯದಾಗಿ ಇಡುತ್ತೇನೆ. ವಯಸ್ಸು, ಲಿಂಗ, ಸಾಲ, ಮೊದಲ ಸುತ್ತಿನ ಪಿಎಚ್‌ಕ್ಯೂ-9 ಇರಲಿ. ಮಧ್ಯದಲ್ಲಿ ಅಳೆದ ನಿದ್ದೆಯನ್ನು ಸೇರಿಸಬೇಡಿ. ಕುಡಿತ ನಿದ್ದೆ ಕೆಡಿಸಿ, ಆ ಮೂಲಕವೇ ಖಿನ್ನತೆಗೆ ಹೋಗಬಹುದು ಅಲ್ವಾ? ನಿದ್ದೆಯನ್ನು ಸೇರಿಸಿ ಆ ದಾರಿಯನ್ನೇ ಮುಚ್ಚಿದರೆ ನೀವು ಹುಡುಕುತ್ತಿರುವುದರಲ್ಲೇ ಅರ್ಧ ಹೋಗುತ್ತದೆ. ಯಾವುದನ್ನು ಏಕೆ ಬಿಟ್ಟಿರಿ ಅಂತಲೂ ಒಂದು ಸಾಲು ಬರೆಯಿರಿ.

ಮಾತಿನಲ್ಲಿ ಹೇಳಿದರೆ ಸಾಲದು, ಮಾದರಿಯನ್ನೇ ಹಾಕಿ:

```r
library(lme4)
m1 <- lmer(phq9_12 ~ audit0 + phq9_0 + age + sex +
             debt0 + (1 | estate), data = d)
```

ಒಂದೇ ತೋಟದವರು ಒಂದೇ ಕೂಲಿ, ಒಂದೇ ಮೇಸ್ತ್ರಿ, ಒಂದೇ ಸಾಲು ಮನೆ ಹಂಚಿಕೊಳ್ಳುತ್ತಾರೆ. estate ಇರುವ ತುಂಡು ಅದಕ್ಕೆ. ಕೋಡನ್ನು ಮೊದಲು ಕೃತಕ ಡೇಟಾ ಮೇಲೆ ಓಡಿಸಿ. ಅರ್ಧ ತೊಂದರೆ ಅಲ್ಲೇ ಗೊತ್ತಾಗುತ್ತದೆ. ಉತ್ತರ ಬಿಟ್ಟುಹೋದಾಗ ಏನು ಮಾಡುತ್ತೀರಿ ಎಂಬುದೂ ಇರಲೇಬೇಕು.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ ಬಗ್ಗೆ. ಅಲ್ಲಿ ಸೊನ್ನೆ ಅಲ್ಲದ ಉತ್ತರ ಬಂದರೆ ಅದೇ ದಿನ ವೈದ್ಯರು ಮಾತಾಡಿಸಬೇಕು, ಟೆಲಿ-ಮಾನಸ್ ಸಹಾಯವಾಣಿಯ 14416 ನಂಬರನ್ನೂ ಕೊಡಬೇಕು. ಹೀಗೆ ಚಿಕಿತ್ಸೆಗೆ ಕಳಿಸಿದವರ ಅಂಕ ಮುಂದೆ ಇಳಿಯಬಹುದು. ಅವರನ್ನು ಲೆಕ್ಕದಲ್ಲಿ ಇಟ್ಟುಕೊಳ್ಳುತ್ತೀರಿ ಅಂತ ನೋಂದಣಿಯಲ್ಲೇ ಹೇಳಿ. ಸುಂದರ ಫಲಿತಾಂಶಕ್ಕಾಗಿ ಯಾರನ್ನೂ ಚಿಕಿತ್ಸೆಯಿಂದ ತಡೆಯುವ ಮಾತೇ ಇಲ್ಲ.

ಇಷ್ಟೆಲ್ಲ ಬರೆದ ಮೇಲೂ ಯೋಜನೆ ಬದಲಾಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಬದಲಾವಣೆ ತಪ್ಪಲ್ಲ. ಯಾರಿಗೂ ಹೇಳದೆ ಬದಲಿಸುವುದು ತಪ್ಪು. ಅದಕ್ಕೆ ಮೊದಲ ದಿನದಿಂದಲೇ ಒಂದು ಬದಲಾವಣೆ ಲಾಗ್ ಇಡಿ. ಪ್ರಬಂಧ ಬರೆಯುವಾಗ ನೆನಪಿನಿಂದ ಬರೆದ ಲಾಗ್ ನಂಬುವಂಥದ್ದಲ್ಲ. ನಮೂನೆ ನೋಡಿ:

"2026 ಜನವರಿ 19. ನೋಂದಣಿಯಲ್ಲಿ: 12ನೇ ತಿಂಗಳ ಸಂದರ್ಶನ ಎಲ್ಲರಿಗೂ ಮುಖಾಮುಖಿ. ಮಾಡಿದ್ದು: ಜಿಲ್ಲೆ ಬಿಟ್ಟುಹೋದ 41 ಜನರಿಗೆ ಫೋನಿನಲ್ಲಿ, ಎಥಿಕ್ಸ್ ಕಮಿಟಿ ತಿದ್ದುಪಡಿಗೆ ಒಪ್ಪಿದ ನಂತರವೇ ಕರೆ. ಕಾರಣ: ಇಲ್ಲದಿದ್ದರೆ ಅಷ್ಟೂ ಜನ ಕೈತಪ್ಪುತ್ತಿದ್ದರು. ಆಗ ನಮಗೆ ಗೊತ್ತಿದ್ದದ್ದು: 63 ಫಾರಂ ಬಂದಿದ್ದವು, ಅಂಕ ಕೂಡಿರಲಿಲ್ಲ. ಆಗಬಹುದಾದ ಪರಿಣಾಮ: ಪಕ್ಕದಲ್ಲಿ ಯಾರಾದರೂ ಇದ್ದರೆ ಫೋನಿನಲ್ಲಿ ಅಂಕ ಕಡಿಮೆ ಹೇಳಬಹುದು. ಪರಿಶೀಲನೆ: ಫೋನಿನವರನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ, ಎರಡೂ ವರದಿಯಲ್ಲಿ."

ಇದರಲ್ಲಿ ಜೀವಾಳ "ಆಗ ನಮಗೆ ಗೊತ್ತಿದ್ದದ್ದು" ಎಂಬ ಸಾಲು. ಫಲಿತಾಂಶ ಕಾಣುವ ಮೊದಲು ಬದಲಿಸಿದ್ದಕ್ಕೂ, ಕಂಡ ಮೇಲೆ ಬದಲಿಸಿದ್ದಕ್ಕೂ ತೂಕ ಬೇರೆ. ಮೊದಲಿನದಾದರೆ ಓಎಸ್‌ಎಫ್‌ನಲ್ಲಿ ನೋಂದಣಿಯನ್ನು ಕಾರಣ ಸಮೇತ ಅಪ್‌ಡೇಟ್ ಮಾಡಿ, ಹಳೆಯದೂ ಉಳಿದಿರುತ್ತದೆ. ಎರಡನೆಯದಾದರೆ ನೋಂದಾಯಿಸಿದ ವಿಶ್ಲೇಷಣೆಯನ್ನೇ ಮೊದಲು ಕೊಟ್ಟು, ಹೊಸದನ್ನು ಅದರ ಕೆಳಗೆ ಇಡಿ. ಯೋಜನೆಯಲ್ಲೇ ಇಲ್ಲದ್ದು ಹೊಳೆದರೆ, ಉದಾಹರಣೆಗೆ ಹೆಂಗಸರಲ್ಲಿ ಮಾತ್ರ ಸಂಬಂಧ ಜೋರಾಗಿ ಕಂಡರೆ, ಖಂಡಿತ ಬರೆಯಿರಿ. "ಇದು ನಂತರ ಹುಡುಕಿದ್ದು" ಎಂಬ ಮಾತು ಸಾರಾಂಶದಲ್ಲೂ ಇರಬೇಕು. ಗೈಡ್ "ಅದನ್ನೇ ಮುಖ್ಯ ಮಾಡಿಬಿಡು" ಅಂದರೆ, ಲಾಗ್ ತೆರೆದು ತಾರೀಕು ತೋರಿಸಿ, "ಸರ್, ಇದು ನೋಂದಣಿಯಲ್ಲಿಲ್ಲ, ಎರಡನ್ನೂ ಕೊಡೋಣ" ಅನ್ನಿ. ಕಿರಿಯರಿಗೆ ನೋಂದಣಿ ಕೊಡುವ ದೊಡ್ಡ ಬೆಂಬಲ ಇದೇ.

ಲಾಗ್ ಸಾರ್ವಜನಿಕ ಮಾಡುವ ಮೊದಲು ಇನ್ನೊಮ್ಮೆ ಓದಿ. ಕೊಡಗು ಚಿಕ್ಕ ಜಿಲ್ಲೆ. ತೋಟದ ಹೆಸರು, ಊರು, ಸಮುದಾಯ, ವಯಸ್ಸು ಒಟ್ಟಿಗೆ ಬಂದರೆ ಸಂತೆಗೆ ಬಂದವರು ಯಾರಾದರೂ ಆ ಮನುಷ್ಯನನ್ನು ಗುರುತಿಸುತ್ತಾರೆ. "ತೋಟ 7", "ಮುಖ್ಯ ರಸ್ತೆ ಮುಚ್ಚಿದ ವಾರ" ಅಷ್ಟೇ ಸಾಕು. ಪೂರ್ತಿ ವಿವರ ಇರುವ ಪ್ರತಿ ಬೀಗದ ಕಪಾಟಿನಲ್ಲಿರಲಿ, ಅದು ಯಾರ ಬಳಿ ಇದೆ ಅಂತ ಎಥಿಕ್ಸ್ ಕಮಿಟಿಗೆ ಬರೆದು ತಿಳಿಸಿ.